ದಿನಾ ರೀಲ್ ಹಾಕು ಅನ್ನೋ ಮೊದಲು ಒಂದು ಕುಚ್ಚಿನ ಲೆಕ್ಕ ನೋಡಿ

1/8

‘ದಿನಾ ಒಂದು ಪೋಸ್ಟ್ ಹಾಕ್ಬೇಕು, ಇಲ್ಲಾಂದ್ರೆ ಪೇಜ್ ಸತ್ತೋಗುತ್ತೆ.’

ಈ ಮಾತನ್ನ ನೀವೂ ಯಾರಿಗಾದ್ರೂ ಹೇಳಿರ್ತೀರಿ. ಅಮ್ಮನ ಉಪ್ಪಿನಕಾಯಿ ಪೇಜ್‌ಗೆ, ಅಕ್ಕನ ಮೆಹಂದಿ ಪೇಜ್‌ಗೆ, ಪಕ್ಕದ ಮನೆ ಆಂಟಿಯ ಬ್ಲೌಸ್ ಪೇಜ್‌ಗೆ. ನಮ್ಮ ವಯಸ್ಸಿನವರು ಮನೆಯಲ್ಲಿದ್ರೆ ಸೋಷಿಯಲ್ ಮೀಡಿಯಾ ಡಿಪಾರ್ಟ್‌ಮೆಂಟ್ ನಮ್ಮದೇ ತಾನೇ!

ಇನ್ನೊಂದು ಪಾರ್ಟಿನೂ ಇದೆ. ‘ಯಾವಾಗ್ಲೋ ಒಂದು ಹಾಕಿ, ಆದ್ರೆ ಸೂಪರ್ ಆಗಿರೋದು ಹಾಕಿ’ ಅಂತಾರೆ ಇವರು.

ನನ್ನ ಪ್ರಕಾರ ಇಬ್ಬರೂ ತಪ್ಪು ಜಾಗದಲ್ಲಿ ಉತ್ತರ ಹುಡುಕ್ತಾ ಇದ್ದಾರೆ. ಒಬ್ಬರೇ ಕೂತು, ಕೈಯಲ್ಲಿ ಕೆಲಸ ಮಾಡಿ, ಒಬ್ಬರೇ ಮಾರೋ ವ್ಯಾಪಾರದಲ್ಲಿ ವಾರಕ್ಕೆ ಎಷ್ಟು ಪೋಸ್ಟ್ ಅನ್ನೋದನ್ನ ಆ್ಯಪ್ ಹೇಳಲ್ಲ, ಆರ್ಡರ್ ಬುಕ್ ಹೇಳುತ್ತೆ. ಇದನ್ನ ಸುಮ್ಮನೆ ಹೇಳಿದ್ರೆ ನಂಬಲ್ಲ ಅಂತ ಗೊತ್ತು. ಅದಕ್ಕೆ ಒಂದು ನಿಜವಾದ ಕೆಲಸದ ಲೆಕ್ಕ ತಂದಿದೀನಿ. ಸೀರೆ ಕುಚ್ಚು.

ಬಿಕಾಂ ಫ್ರೆಂಡ್ಸ್, ಕಾಸ್ಟಿಂಗ್ ಪುಸ್ತಕ ತೆಗೀಬೇಡಿ, ಇಲ್ಲೇ ಮಾಡೋಣ. ಬೇರೆ ಕೋರ್ಸ್‌ನವರು ಹೆದರಬೇಡಿ, ಕೂಡೋದು ಕಳೆಯೋದು ಬಂದ್ರೆ ಸಾಕು.

2/8

ನಮ್ಮ ಚಿಕ್ಕಮ್ಮ ತುಮಕೂರಲ್ಲಿ ಮನೆಯಲ್ಲೇ ಸೀರೆಗೆ ಕುಚ್ಚು ಹಾಕ್ತಾರೆ. ಸೀರೆ ಇಸ್ಕೊಳ್ಳೋದು, ಸೆರಗಿನ ಬಣ್ಣಕ್ಕೆ ದಾರ ಹೊಂದಿಸೋದು, ಮಣಿ ಪೋಣಿಸಿ ಗಂಟು ಹಾಕೋದು, ಮೆಸೇಜ್‌ಗೆ ಉತ್ತರ ಕೊಡೋದು, ಫೋಟೊ ತೆಗೆಯೋದು, ದುಡ್ಡು ಕೇಳೋದು, ಎಲ್ಲಾ ಒಬ್ಬರೇ.

ಮಕ್ಕಳು ಸ್ಕೂಲ್‌ಗೆ ಹೋದ್ಮೇಲೆ ಅವರು ವಾಪಸ್ ಬರೋವರೆಗೆ, ಅಡುಗೆ ಮನೆ ಕೆಲಸ ಕಳೆದ್ರೆ, ದಿನಕ್ಕೆ 5 ಗಂಟೆ ಸಿಗುತ್ತೆ. ವಾರಕ್ಕೆ 6 ದಿನ ಅಂದ್ರೆ 30 ಗಂಟೆ. ಅದರಲ್ಲಿ ಸೀರೆ ತಗೊಳ್ಳೋದು, ಕೊಡೋದು, ಮೆಸೇಜ್ ಇವಕ್ಕೆ 4 ಗಂಟೆ ಹೋಗುತ್ತೆ. ಉಳಿಯೋದು 26.

ಅವರ ಹತ್ರ ಜಾಸ್ತಿ ಬರೋದು ಮಣಿ ಕುಚ್ಚು. ಒಂದು ಸೀರೆಗೆ 4 ಗಂಟೆ ಬೇಕು. ರೇಟ್ ₹600. ದಾರ, ಮಣಿ ಸೇರಿ ಖರ್ಚು ₹120. ಕೈಯಲ್ಲಿ ಉಳಿಯೋದು ₹480. ನಮ್ಮ ಕ್ಲಾಸಲ್ಲಿ ಇದಕ್ಕೇ ಕಾಂಟ್ರಿಬ್ಯೂಷನ್ ಅಂತಾರೆ. ನಾಲ್ಕು ಗಂಟೆಗೆ ₹480, ಅಂದ್ರೆ ಗಂಟೆಗೆ ₹120.

ಈ ಕೊನೆ ನಂಬರ್ ನೆನಪಿಟ್ಕೊಳ್ಳಿ. ಇಡೀ ಸೀರೀಸ್‌ಗೆ ಅದೊಂದೇ ಸಾಕು.

ಈಗ ಎರಡು ವಾರ ಹೋಲಿಸೋಣ, ಎರಡರಲ್ಲೂ ಬೇಕಾದಷ್ಟು ಆರ್ಡರ್ ಇದೆ ಅಂತ ಇಟ್ಕೊಳ್ಳಿ.

ಮೊದಲನೇ ವಾರ ಪೋಸ್ಟ್ ಕೆಲಸಕ್ಕೆ 2 ಗಂಟೆ ಮಾತ್ರ. ಕುಚ್ಚಿಗೆ 24 ಗಂಟೆ ಸಿಕ್ತು. 6 ಸೀರೆ. ಕೈಗೆ ₹2,880.

ಎರಡನೇ ವಾರ ದಿನಕ್ಕೊಂದು ರೀಲ್. ಶೂಟ್, ಕಟ್, ಹಾಡು ಹುಡುಕೋದು, ಕ್ಯಾಪ್ಷನ್ ಎಲ್ಲಾ ಸೇರಿ ಒಂದಕ್ಕೆ ಒಂದೂವರೆ ಗಂಟೆ. ಏಳಕ್ಕೆ ಹತ್ತೂವರೆ ಗಂಟೆ. ಕುಚ್ಚಿಗೆ ಉಳಿದಿದ್ದು ಹದಿನೈದೂವರೆ. ನಾಲ್ಕನೇ ಸೀರೆ ಮುಗಿಸೋಕೂ ಅರ್ಧ ಗಂಟೆ ಸಾಲಲ್ಲ.

ಜಾಸ್ತಿ ಹೋದ ಎಂಟೂವರೆ ಗಂಟೆಯನ್ನ ₹120ರಿಂದ ಗುಣಿಸಿ. ₹1,020. ‘ಫ್ರೀ’ ಪಬ್ಲಿಸಿಟಿಯ ಒಂದು ವಾರದ ಬಿಲ್ ಇದು.

3/8

‘ಆದ್ರೆ ರೀಲ್ ಹಾಕಿದ್ರೆ ಆರ್ಡರ್ ಜಾಸ್ತಿ ಬರುತ್ತಲ್ವಾ?’ ಅಂತ ಕೇಳ್ತೀರಿ. ಬರಲಿ. ಯಾರು ಮಾಡ್ತಾರೆ?

ಇದೇ ಇಡೀ ವಿಷಯದ ಗಂಟು. ಪೋಸ್ಟ್ ಮಾಡೋ ಗಂಟೆ ಮತ್ತು ಕುಚ್ಚು ಹಾಕೋ ಗಂಟೆ ಒಂದೇ ಜೇಬಿಂದ ಬರುತ್ತೆ. ಪೋಸ್ಟ್ ಹೆಚ್ಚಿದಷ್ಟೂ ಕೇಳೋರು ಹೆಚ್ಚು, ಮಾಡಿಕೊಡೋ ಸಮಯ ಕಮ್ಮಿ. ದೊಡ್ಡ ಕಂಪನಿಯಲ್ಲಿ ಈ ಜೇಬು ಬೇರೆ ಬೇರೆ, ಮಾರ್ಕೆಟಿಂಗ್‌ನವರು ರೀಲ್ ಮಾಡಿದ್ರೆ ಫ್ಯಾಕ್ಟರಿ ನಿಲ್ಲಲ್ಲ. ಇಲ್ಲಿ ಫ್ಯಾಕ್ಟರಿಯೇ ಎದ್ದು ಹೋಗಿ ಟ್ರೈಪಾಡ್ ಹಿಡೀಬೇಕು.

ಮಾರ್ಜಿನಲ್ ಕಾಸ್ಟಿಂಗ್ ಚಾಪ್ಟರಲ್ಲಿ ‘ಲಿಮಿಟಿಂಗ್ ಫ್ಯಾಕ್ಟರ್’ ಅಂತ ಬರುತ್ತೆ. ವ್ಯಾಪಾರ ಇದಕ್ಕಿಂತ ಮುಂದೆ ಹೋಗದ ಹಾಗೆ ಯಾವುದು ತಡೆದು ನಿಲ್ಲಿಸಿದೆಯೋ ಅದು. ಪ್ರಾಬ್ಲಮ್‌ಗಳಲ್ಲಿ ಮೆಷಿನ್ ಅವರ್, ಕಚ್ಚಾ ಮಾಲು ಅಂತ ಕೊಟ್ಟಿರ್ತಾರೆ. ಮನೆ ವ್ಯಾಪಾರದಲ್ಲಿ ಅದು ಎರಡರಲ್ಲಿ ಒಂದು. ಆರ್ಡರ್ ಸಾಲ್ತಿಲ್ಲ, ಇಲ್ಲಾಂದ್ರೆ ಗಂಟೆ ಸಾಲ್ತಿಲ್ಲ.

ಆರ್ಡರ್ ಸಾಲದೆ ಖಾಲಿ ಕೂತಿದ್ರೆ ಆ ಗಂಟೆಯ ಬೆಲೆ ₹120 ಅಲ್ಲ, ಸೊನ್ನೆ. ಆಗ ದಾರಾಳವಾಗಿ ಪೋಸ್ಟ್ ಮಾಡಿ, ದಿನಕ್ಕೆರಡು ಬೇಕಾದ್ರೂ ಹಾಕಿ, ನನ್ನ ತಕರಾರಿಲ್ಲ. ಗಂಟೆ ಸಾಲದೆ ಸೀರೆ ಪೇರಿಸಿ ಇಟ್ಟಿದ್ರೆ ಆಗ ಮಾಡೋ ಪ್ರತಿ ರೀಲ್ ಯಾರದೋ ಸೀರೆಯನ್ನ ಹಿಂದಕ್ಕೆ ತಳ್ಳುತ್ತೆ. ಅಥವಾ ರಾತ್ರಿ ನಿದ್ದೆಯನ್ನ. ಮಂದ ಬೆಳಕಲ್ಲಿ ಸಣ್ಣ ಮಣಿ ಪೋಣಿಸೋರ ಕಣ್ಣಿನ ಗತಿ ಏನು ಅಂತ ಬಿಡಿಸಿ ಹೇಳ್ಬೇಕಾ?

ಹಾಗಾಗಿ ‘ವಾರಕ್ಕೆ ಎಷ್ಟು ಪೋಸ್ಟ್’ ಅನ್ನೋದಕ್ಕೆ ವರ್ಷಪೂರ್ತಿ ಒಂದೇ ಉತ್ತರ ಇರಲ್ಲ.

4/8

ಕುಚ್ಚಿನ ವರ್ಷ ಹೇಗಿರುತ್ತೆ ನೋಡಿ.

ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಸೀರೆ ಕೆಲಸ ಕಮ್ಮಿ, ಕೈ ಖಾಲಿ. ಆದ್ರೆ ಅದೇ ತಿಂಗಳು ಸೀರೆ ಅಂಗಡಿಗಳಲ್ಲಿ ಆಷಾಢ ಸೇಲ್. ಜನ ಸೀರೆ ತಗೊಂಡು ಬೀರುವಲ್ಲಿ ಇಡ್ತಾರೆ. ಶ್ರಾವಣ ಬಂತು, ಹುಣ್ಣಿಮೆಗೆ ಮೊದಲಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಆಗ ಎಲ್ಲರಿಗೂ ಒಂದೇ ಸಲ ಕುಚ್ಚು ನೆನಪಾಗುತ್ತೆ. ಉಟ್ಕೊಳ್ಳೋ ಸೀರೆಗೂ ಬೇಕು, ಅಮ್ಮನವರಿಗೆ ಉಡಿಸೋ ಸೀರೆಗೂ ಬೇಕು.

ಹಬ್ಬದ ವಾರ ನೀವು ಚೆಂದದ ವರಮಹಾಲಕ್ಷ್ಮಿ ರೀಲ್ ಹಾಕಿದ್ರೆ ಏನಾಗುತ್ತೆ? ವಾರಕ್ಕೆ 6 ಸೀರೆ ಮಾತ್ರ ಆಗೋದು, ಆ ಆರೂ ಆಗಲೇ ಬುಕ್ ಆಗಿರುತ್ತೆ. ರೀಲ್ ನೋಡಿ ಬಂದ 20 ಜನಕ್ಕೆ ‘ಆಗಲ್ಲ ಮೇಡಂ’ ಅಂತ ಟೈಪ್ ಮಾಡೋಕೇ ಒಂದು ಗಂಟೆ. ಇಲ್ಲ ಅನ್ನೋಕೆ ಆಗದೆ ಒಪ್ಪಿಕೊಂಡ್ರೆ ಇನ್ನೂ ಕಷ್ಟ. ಶನಿವಾರ ಕೊಟ್ಟ ವರಮಹಾಲಕ್ಷ್ಮಿ ಸೀರೆ ಯಾರಿಗೆ ಬೇಕು? ಆ ಕಸ್ಟಮರ್ ಮತ್ತೆ ಬರಲ್ಲ, ಅವರ ಅತ್ತಿಗೆ ನಾದಿನಿಯರೂ ಬರಲ್ಲ.

ಅದೇ ಪೋಸ್ಟನ್ನ ಹಬ್ಬಕ್ಕೆ ನಾಲ್ಕೈದು ವಾರ ಮೊದಲು, ಆಷಾಢದಲ್ಲಿ ಹಾಕಿ. ‘ಸೇಲ್‌ನಲ್ಲಿ ತಗೊಂಡ ಸೀರೆ ಈಗಲೇ ಕೊಡಿ, ಹಬ್ಬಕ್ಕೆ ರೆಡಿ ಇರುತ್ತೆ.’ ಆಗ ನಿಮ್ಮ ಗಂಟೆಯೂ ಅಗ್ಗ, ಬರೋ ಆರ್ಡರ್‌ಗೆ ಜಾಗವೂ ಇದೆ.

ಇನ್‌ಸ್ಟಾಗ್ರಾಮ್‌ನಲ್ಲಿ ಪ್ರೊಫೆಷನಲ್ ಅಕೌಂಟ್ ಮಾಡ್ಕೊಂಡ್ರೆ 75 ದಿನದ ಮುಂಚೆಯೇ ಪೋಸ್ಟ್ ಶೆಡ್ಯೂಲ್ ಮಾಡಿಡಬಹುದು. ಅಂದ್ರೆ ಖಾಲಿ ಇರೋ ಆಷಾಢದಲ್ಲಿ ಕೂತು ಶ್ರಾವಣದ ನಾಲ್ಕು ವಾರಕ್ಕೆ ನಾಲ್ಕು ಪೋಸ್ಟ್ ತಯಾರು ಮಾಡಿಟ್ರೆ, ರಶ್ ಇರುವಾಗ ಪೇಜ್ ತಾನಾಗೇ ನಡೆಯುತ್ತೆ. ನಮ್ಮಜ್ಜಿ ಮಳೆಗಾಲಕ್ಕೆ ಹಪ್ಪಳ ಸಂಡಿಗೆ ಬಿಸಿಲಲ್ಲೇ ಮಾಡಿಡ್ತಿದ್ರಲ್ಲ, ಅದೇ ಟೆಕ್ನಿಕ್.

5/8

ಹಾಗಾದ್ರೆ ರಶ್ ಇದ್ದಾಗ ಪೋಸ್ಟ್ ನಿಲ್ಲಿಸಿಬಿಡೋದಾ? ಬೇಡ. ಕೆಳಗೂ ಒಂದು ಗೆರೆ ಇದೆ.

ಕಸ್ಟಮರ್ ಜಾಗದಲ್ಲಿ ನಿಂತು ನೋಡಿ. ಕೈಯಲ್ಲಿ ಹದಿನೈದು ಸಾವಿರದ ರೇಷ್ಮೆ ಸೀರೆ. ಮುಖ ನೋಡದ ಒಬ್ಬರ ಮನೆಗೆ ಅದನ್ನ ಕೊಟ್ಟು ಬರ್ಬೇಕು. ಪೇಜ್ ತೆಗೀತಾರೆ, ಮೊದಲು ಏನು ನೋಡ್ತಾರೆ? ಕೊನೆ ಪೋಸ್ಟ್ ಯಾವಾಗಿಂದು ಅಂತ. ಮೂರು ತಿಂಗಳ ಹಿಂದಿನದಾದ್ರೆ ಎಷ್ಟೇ ಚೆಂದ ಇರಲಿ, ‘ಈಗ್ಲೂ ಮಾಡ್ತಾರೋ ಇಲ್ವೋ’ ಅನ್ನೋ ಅನುಮಾನ. ಬಾಗಿಲು ಮುಚ್ಚಿದ ಅಂಗಡಿಯ ಬೋರ್ಡ್ ಎಷ್ಟು ಚೆನ್ನಾಗಿದ್ರೇನು?

ಈ ಅನುಮಾನ ಹುಟ್ಟದಷ್ಟು ಪೋಸ್ಟ್ ಇರಬೇಕು. ಇಂಥ ಕೆಲಸಕ್ಕೆ ನನ್ನ ಅಂದಾಜು ವಾರಕ್ಕೊಂದು ಪೋಸ್ಟ್. ನಡುವೆ ವಾರಕ್ಕೆ ಮೂರ್ನಾಲ್ಕು ಸ್ಟೋರಿ. ಸ್ಟೋರಿ 24 ಗಂಟೆಯಲ್ಲಿ ಹೋಗುತ್ತೆ, ಅದಕ್ಕೆ ಅಲಂಕಾರ ಬೇಕಿಲ್ಲ. ಮಡಿಲಲ್ಲಿ ಅರ್ಧ ಆಗಿರೋ ಸೆರಗು, ಒಂದು ಫೋಟೊ, ‘ಇವತ್ತಿನ ಕೆಲಸ’. ಎರಡು ನಿಮಿಷ. ಅಂಗಡಿ ತೆರೆದಿದೆ ಅಂತ ಹೇಳೋಕೆ ಅಷ್ಟು ಸಾಕು.

ರೇಟ್, ಬೇಕಾದ ದಿನ, ಸೀರೆ ಕೊಡೋ ಸಮಯ ಇವನ್ನ ಒಮ್ಮೆ ಸ್ಟೋರಿ ಮಾಡಿ ಹೈಲೈಟ್‌ನಲ್ಲಿ ಇಟ್ರೆ ಪ್ರೊಫೈಲ್‌ನಲ್ಲೇ ಉಳಿಯುತ್ತೆ. ಒಳ್ಳೆಯ ಮೂರು ಪೋಸ್ಟ್ ಪಿನ್ ಮಾಡಿ. ಹೊಸಬರು ಬಂದಾಗ ನಿಮ್ಮ ಬೆಸ್ಟ್ ಕೆಲಸ ಮೇಲೇ ಇರುತ್ತೆ. ಪ್ರತಿ ವಾರ ಹೊಸ ಮಾಸ್ಟರ್‌ಪೀಸ್ ಹುಟ್ಟಿಸೋ ಗೋಳಿಲ್ಲ.

ಅಂದ ಹಾಗೆ, 2021ರಲ್ಲಿ ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೆರಿ ಕೊಟ್ಟ ಸಲಹೆಯೂ ವಾರಕ್ಕೆ ಎರಡು ಪೋಸ್ಟ್, ದಿನಕ್ಕೆ ಎರಡು ಸ್ಟೋರಿ ಅಂತಲೇ ಇತ್ತು. ‘ದಿನಾ ರೀಲ್ ಹಾಕದಿದ್ರೆ ಮುಗೀತು’ ಅಂತ ಅವರೂ ಹೇಳ್ಲಿಲ್ಲ.

6/8

ಈಗ ಕ್ವಾಲಿಟಿ ಅಂದ್ರೇನು ಅಂತ ಜಗಳ ಆಡೋಣ.

ಟ್ರಾನ್ಸಿಷನ್, ಟ್ರೆಂಡಿಂಗ್ ಹಾಡು, ಫಿಲ್ಟರ್, ಇದ್ಯಾವುದೂ ಅಲ್ಲ. ಫಿಲ್ಟರ್ ಅಂತೂ ಇಲ್ಲಿ ನಷ್ಟ. ಕುಚ್ಚಿನ ಕಸ್ಟಮರ್ ಫೋಟೊ ನೋಡಿ ‘ಇದೇ ಶೇಡ್ ಬೇಕು’ ಅಂತಾರೆ. ಹಳದಿ ಬಲ್ಬ್ ಕೆಳಗೆ ತೆಗೆದ ಫೋಟೊದಲ್ಲಿ ತಿಳಿ ಗುಲಾಬಿ ಪೀಚ್ ಥರ ಕಾಣುತ್ತೆ. ಪೀಚ್ ಅಂದ್ಕೊಂಡು ಬಂದವರು ಸೀರೆ ತಗೊಳ್ಳುವಾಗ ‘ಫೋಟೊದಲ್ಲಿ ಹಿಂಗಿರ್ಲಿಲ್ಲ’ ಅಂದ್ರೆ ಪೂರ್ತಿ ಬಿಚ್ಚಿ ಮತ್ತೆ ಹಾಕ್ಬೇಕು. ಇನ್ನೊಂದು 4 ಗಂಟೆ ಗೋವಿಂದ.

ಹಾಗಾಗಿ ಈ ಕೆಲಸದಲ್ಲಿ ಒಳ್ಳೆ ಫೋಟೊ ಅಂದ್ರೆ ನಿಜವಾದ ಬಣ್ಣ ತೋರಿಸೋ ಫೋಟೊ. ಹಗಲು ಹೊತ್ತು, ಕಿಟಕಿ ಪಕ್ಕ, ಲೈಟ್ ಆರಿಸಿ, ಬಿಸಿಲು ನೇರ ಬೀಳದ ಜಾಗ. ಸೆರಗನ್ನ ಕಂಬಿಗೆ ಇಳಿಬಿಟ್ಟು ನಾಲ್ಕು ಫೋಟೊ ಸಾಕು. ಇಡೀ ಸೆರಗು, ಹತ್ತಿರದಿಂದ ಕುಚ್ಚು, ಹಿಂಬದಿಯ ಗಂಟು, ಕೈಯಲ್ಲಿ ಹಿಡಿದಿದ್ದು. ಹಿಂಬದಿ ಯಾಕೆ ಅಂದ್ರೆ, ಕೆಲಸ ಗೊತ್ತಿರೋರು ಮೊದಲು ತಿರುಗಿಸಿ ನೋಡೋದೇ ಅದನ್ನ. ಅಲ್ಲಿ ನೀಟಾಗಿದ್ರೆ ನಂಬಿಕೆ ಬಂತು.

ಇನ್ನು ಕ್ಯಾಪ್ಷನ್. ‘ರೇಟ್‌ಗೆ ಡಿಎಂ ಮಾಡಿ’ ಅನ್ನೋದು ನನಗೆ ಅರ್ಥವೇ ಆಗಲ್ಲ. ಕೇಳೋರಲ್ಲಿ ಎಷ್ಟೋ ಜನ ರೇಟ್ ಕೇಳಿ ಸುಮ್ಮನಾಗ್ತಾರೆ. ಅವರಿಗೆಲ್ಲ ಟೈಪ್ ಮಾಡಿದ ನಿಮಿಷಗಳು ಅದೇ 30 ಗಂಟೆಯೊಳಗಿಂದ ಹೋಗಿದ್ದು. ಹೀಗೆ ಬರೀರಿ: ‘ಮಣಿ ಕುಚ್ಚು, ₹600, ಸೀರೆ ಕೊಟ್ಟು 7 ದಿನ, ಈ ವಾರ 2 ಜಾಗ ಖಾಲಿ ಇದೆ.’ ಒಂದೇ ಸಾಲು. ಬಜೆಟ್ ಹೊಂದದವರು ಅಲ್ಲೇ ನಿಲ್ತಾರೆ, ಹೊಂದೋರು ಸೀದಾ ಸೀರೆ ತರ್ತಾರೆ.

ಕಸ್ಟಮರ್‌ನ ನಾಲ್ಕು ಮೆಸೇಜ್ ಉಳಿಸೋ ಪೋಸ್ಟೇ ಕ್ವಾಲಿಟಿ ಪೋಸ್ಟ್.

7/8

ವಾರದ 2 ಗಂಟೆಯನ್ನ ಹೇಗೆ ಹಂಚೋದು?

ಪ್ರತಿ ಸೀರೆ ಕೊಡೋ ಮೊದಲು ಆ ನಾಲ್ಕು ಫೋಟೊ, 5 ನಿಮಿಷ. ಆರು ಸೀರೆಗೆ ಅರ್ಧ ಗಂಟೆ. ಸೀರೆ ಒಮ್ಮೆ ಮನೆ ಬಿಟ್ರೆ ಮತ್ತೆ ಸಿಗಲ್ಲ, ಅದಕ್ಕೇ ಇದನ್ನ ಮಡಿಸಿ ಕವರ್‌ಗೆ ಹಾಕೋ ಕೆಲಸದ ಜೊತೆಗೇ ಸೇರಿಸಿಬಿಡಬೇಕು. ಯಾವುದಾದ್ರೂ ಒಂದು ಸೀರೆ ಮಾಡುವಾಗ ಫೋನ್ ನಿಲ್ಲಿಸಿ ಮೂರು ಸಣ್ಣ ಕ್ಲಿಪ್: ದಾರ ಹೊಂದಿಸೋದು, ಗಂಟು ಹಾಕೋದು, ಕೊನೆಗೆ ತುದಿ ಸಮ ಕತ್ತರಿಸೋದು. ಕೈ ಕೆಲಸ ನಿಲ್ಲಲ್ಲ, ಕ್ಲಿಪ್ ತಾನಾಗೇ ಆಗುತ್ತೆ.

ವಾರಕ್ಕೊಮ್ಮೆ ಒಂದು ಗಂಟೆ ಕೂತು ಒಂದು ಸೀರೆ ಆರಿಸಿ, ಪೋಸ್ಟ್ ಮಾಡಿ. ಹದಿನೈದು ದಿನಕ್ಕೊಮ್ಮೆ ಪೋಸ್ಟ್ ಬದಲು ಆ ಕ್ಲಿಪ್‌ಗಳ ರೀಲ್. ಉಳಿದ ಅರ್ಧ ಗಂಟೆ ಸ್ಟೋರಿಗೆ, ಕಾಮೆಂಟ್‌ಗೆ.

ಆರರಲ್ಲಿ ಯಾವುದನ್ನ ಆರಿಸೋದು? ಇಲ್ಲೂ ಗಂಟೆ ಲೆಕ್ಕ. ಚಿಕ್ಕಮ್ಮನ ಬ್ರೈಡಲ್ ಕುಚ್ಚು ₹1,800, ಖರ್ಚು ₹300, 10 ಗಂಟೆ ಕೆಲಸ. ಗಂಟೆಗೆ ₹150. ಮಣಿ ಕುಚ್ಚಿಗಿಂತ ₹30 ಜಾಸ್ತಿ. ವಾರಕ್ಕೆ ಒಂದೇ ಕಿಟಕಿ ಇದ್ರೆ ಅದರಲ್ಲಿ ಬ್ರೈಡಲ್ ಇಡಿ, ಲೈಕ್ ಕಮ್ಮಿ ಬಂದ್ರೂ ಪರವಾಗಿಲ್ಲ. ಒಂದು ಎಚ್ಚರ: ಮದುವೆ ಸೀರೆ ಮದುವೆಗೆ ಮೊದಲೇ ಊರಿಗೆಲ್ಲಾ ಕಾಣೋದು ಕೆಲವರಿಗೆ ಇಷ್ಟ ಇರಲ್ಲ. ಕೇಳಿ ಹಾಕಿ. ಬೇಡ ಅಂದ್ರೆ ಮದುವೆ ಆದ್ಮೇಲೆ ಹಾಕಿ, ಫೋಟೊ ಹಳಸಲ್ಲ.

ಇದು ಕೆಲಸ ಮಾಡ್ತಿದೆಯಾ ಅಂತ ವ್ಯೂಸ್ ನೋಡಿ ಗೊತ್ತಾಗಲ್ಲ. ಬೇರೆ ರಾಜ್ಯದಿಂದ ನೋಡಿದ ಐವತ್ತು ಸಾವಿರ ಜನ ತುಮಕೂರಿಗೆ ಸೀರೆ ತಂದು ಕೊಡ್ತಾರಾ? ಆರ್ಡರ್ ಬುಕ್‌ನಲ್ಲಿ ಇನ್ನೊಂದು ಕಾಲಂ ಹಾಕಿ, ‘ಏನು ನೋಡಿ ಬಂದ್ರಿ?’ ಅಂತ. ಆರು ವಾರ ಬರೀರಿ. ಸೀರೆ ಕೊಟ್ಟವರಲ್ಲಿ ಎಷ್ಟು ಜನ ಪೋಸ್ಟ್ ನೋಡಿ ಬಂದ್ರು, ಎಷ್ಟು ಜನ ಹಳೇ ಕಸ್ಟಮರ್ ಹೇಳಿ ಬಂದ್ರು ಅಂತ ಅಲ್ಲೇ ಕಾಣುತ್ತೆ.

8/8

ಪೋಸ್ಟ್ ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ ಅಂತ ತಿಳಿಯೋಕೆ ನನ್ನ ಗುರುತು ಎರಡೇ.

ಬರೋ ಮೆಸೇಜ್‌ಗಳು ‘ಈಗ್ಲೂ ಮಾಡ್ತೀರಾ?’ ಅಂತ ಶುರುವಾದ್ರೆ ಪೋಸ್ಟ್ ಕಮ್ಮಿ ಆಯ್ತು. ‘ನನ್ನ ಸೀರೆ ಆಯ್ತಾ?’ ಅನ್ನೋ ಮೆಸೇಜ್ ಜಾಸ್ತಿ ಆದ್ರೆ, ಹೊಸ ಪೋಸ್ಟ್ ನಿಲ್ಲಿಸಿ ಸೂಜಿ ಹಿಡೀರಿ. ಇವೆರಡರ ನಡುವೆ ಎಲ್ಲಿದ್ರೂ ಸರಿ ಇದೀರಿ.

ಈ ಲೆಕ್ಕ ಎಲ್ಲರಿಗೂ ಹೊಂದಲ್ಲ ಅನ್ನೋದನ್ನೂ ಹೇಳ್ಬೇಕು. ಕಂಟೆಂಟೇ ಕಸುಬಾದವರಿಗೆ, ಅಂದ್ರೆ ನೋಡುಗರಿಂದಲೇ ದುಡ್ಡು ಬರೋರಿಗೆ, ಪೋಸ್ಟೇ ಮಾಲು. ಅವರು ದಿನಾ ಹಾಕ್ಲಿ. ಒಮ್ಮೆ ರೆಕಾರ್ಡ್ ಮಾಡಿದ ಕ್ಲಾಸನ್ನ ಸಾವಿರ ಜನಕ್ಕೆ ಮಾರೋರಿಗೂ ಹೆಚ್ಚು ಆರ್ಡರ್ ಅಂದ್ರೆ ಹೆಚ್ಚು ಗಂಟೆ ಅಲ್ಲ. ನಿನ್ನೆ ಮೊನ್ನೆ ಶುರು ಮಾಡಿ ಇನ್ನೂ ಮೊದಲ ಹತ್ತು ಕಸ್ಟಮರ್ ಹುಡುಕ್ತಿರೋರಿಗೂ ಹೆಚ್ಚು ಪೋಸ್ಟ್ ಬೇಕು, ಯಾಕಂದ್ರೆ ಅವರಿಗೆ ಸಾಲದೆ ಇರೋದು ಆರ್ಡರ್, ಗಂಟೆ ಅಲ್ಲ. ತೊಂದರೆ ಇರೋದು ಅವರಿಗೆ ಹೊಂದೋ ಸಲಹೆಯನ್ನ ನಾವು ಕೈಕೆಲಸದವರ ತಲೆಗೆ ಕಟ್ಟೋದರಲ್ಲಿ. ‘ದಿನಾ ಹಾಕಿ’ ಅಂತ ಹೇಳೋ ಎಷ್ಟೋ ಜನರ ಮಾಲೇ ಆ ವಿಡಿಯೊ ಅನ್ನೋದನ್ನ ಗಮನಿಸಿ.

ಆದ್ದರಿಂದ ಮನೆಯಲ್ಲಿ ಯಾರಾದ್ರೂ ‘ಇವತ್ತು ಏನು ಹಾಕ್ಲಿ’ ಅಂತ ಕೇಳಿದ್ರೆ, ಆ್ಯಪ್ ತೆಗೆಯೋ ಮೊದಲು ಅವರ ಆರ್ಡರ್ ಬುಕ್ ಕೇಳಿ. ಎಷ್ಟು ಬಾಕಿ ಇದೆ, ಕೊಡೋ ದಿನ ಯಾವುದು, ಗಂಟೆಗೆ ಎಷ್ಟು ಉಳಿಯುತ್ತೆ? ಲೆಕ್ಕ ಕಲಿತವರು ನಾವು. ಆ ಮೂರು ನಂಬರ್ ಬರೆದುಕೊಡಿ, ಸಾಧ್ಯ ಇದ್ರೆ ಫೋಟೊ ತೆಗೆಯೋ ಅರ್ಧ ಗಂಟೆಯನ್ನ ನೀವೇ ತಗೊಳ್ಳಿ. ಅವರಿಗೆ ವಾರಕ್ಕೆ ಅಷ್ಟು ಹೊತ್ತು ಉಳೀತು ಅಂದ್ರೆ ಎರಡು ತಿಂಗಳಿಗೆ ಒಂದು ಸೀರೆ ಹೆಚ್ಚು.

ನಿಮ್ಮ ಮನೆಯ ಕೆಲಸಕ್ಕೆ ಗಂಟೆಗೆ ಎಷ್ಟು ಬಂತು ಅಂತ ಕಾಮೆಂಟಲ್ಲಿ ಹಾಕಿ. ರೊಟ್ಟಿ, ಬ್ಲೌಸ್, ಮೆಹಂದಿ, ಯಾವುದಾದ್ರೂ ಸರಿ. ಲೆಕ್ಕ ಕೂರಲಿಲ್ಲ ಅಂದ್ರೆ ಅದನ್ನೂ ಹಾಕಿ, ಕೂತು ನೋಡೋಣ.

#ಸೀರೆಕುಚ್ಚು #ಮನೆವ್ಯಾಪಾರ #ಬಿಕಾಂಲೆಕ್ಕ #ಕನ್ನಡಕ್ಯಾಪ್ಷನ್